ಮೂರು ಕಡೆ ನಿಂತ ಮೇಸ್ತ್ರಿ

ಆ ಚಿತ್ರದಲ್ಲಿ ನಾನೂ ಇದ್ದೇನೆ. ಬಹಳ ಹುಡುಕಿದ ಮೇಲೆ ಸಿಕ್ಕಿದೆ. ವೇದಿಕೆಗೆ ತೀರ ಹತ್ತಿರ, ಅಡ್ಡ ಕಟ್ಟಿದ ಬಿದಿರಿಗೆ ಎದೆ ಒತ್ತಿಕೊಂಡು ನಿಂತಿದ್ದೆ ಎಂದು ನನ್ನ ನೆನಪು. ಚಿತ್ರದಲ್ಲಿ ಹಾಗಿಲ್ಲ. ಮೈದಾನದ ನಡುಭಾಗದಲ್ಲಿ, ಹಸಿರು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಅಕ್ಕಪಕ್ಕದಲ್ಲಿ ಕೈ ಬೀಸುವಷ್ಟು ಜಾಗ ಇಟ್ಟುಕೊಂಡು ನಿಂತಿದ್ದೇನೆ. ಮುಂದಿನ ನೂಕಾಟದಿಂದ ಹೊರಗೆ ಬಂದ ಮೇಲೆ ತೆಗೆದ ಚಿತ್ರ ಇರಬೇಕು. ಆದರೆ ಹೊರಗೆ ಬಂದದ್ದು ನನಗೆ ನೆನಪೇ ಇಲ್ಲ.

ನೂಕಾಟ ಮಾತ್ರ ಚೆನ್ನಾಗಿ ನೆನಪಿದೆ, ಅಥವಾ ಹಾಗೆ ಅಂದುಕೊಂಡಿದ್ದೇನೆ. ಕಾಫಿ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ಕಾಲ. ಕಾಡಂಚಿನ ಜಮೀನುಗಳಿಗೆ ಬಂದ ಒತ್ತುವರಿ ತೆರವಿನ ನೋಟಿಸುಗಳ ವಿರುದ್ಧ ಮೂಡಿಗೆರೆಯ ಒಂದು ಶಾಲಾ ಮೈದಾನದಲ್ಲಿ ಸಮಾವೇಶ ಕರೆದಿದ್ದರು. ಅಕ್ಕನ ಎರಡೆಕರೆ ತೋಟಕ್ಕೂ ನೋಟಿಸು ಬಂದಿತ್ತು. ಅವಳಿಗೆ ಮಂಡಿನೋವು. ಅವಳ ಬದಲು ನಾನು ಹೋದೆ. ಪತ್ರಿಕೆಯವಳಾಗಿ ಅಲ್ಲ, ತಂಗಿಯಾಗಿ. ಮುಖ್ಯ ಭಾಷಣಕಾರರು ವೇದಿಕೆ ಹತ್ತಿದಾಗ ಹಿಂದಿನಿಂದ ಒಂದು ಒತ್ತಡ ಬಂತು. ಯಾರೂ ತಳ್ಳಿದಂತೆ ಕಾಣಲಿಲ್ಲ, ಆದರೂ ಎಲ್ಲರೂ ಮುಂದಕ್ಕೆ ಹೋದರು. ನನ್ನ ಕೈಗಳು ಮೈಗೆ ಅಂಟಿಕೊಂಡವು. ಯಾರದೋ ಮೊಣಕೈ ಪಕ್ಕೆಲುಬಿನಲ್ಲಿ ಕೂತಿತ್ತು. ಉಸಿರು ಎಳೆದುಕೊಳ್ಳಲು ಎದೆಗೆ ಜಾಗ ಇರಲಿಲ್ಲ. ಒಬ್ಬಳು ತಾಯಿ ಮಗುವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಳು. ಆಗ ಯಾರಾದರೂ ಎಷ್ಟು ಜನ ಎಂದು ಕೇಳಿದ್ದರೆ, ಲೋಕದಲ್ಲಿರುವವರೆಲ್ಲ ಎನ್ನುತ್ತಿದ್ದೆನೋ ಏನೋ.

ಸಂಜೆ ಮನೆಗೆ ಬಂದು ಅಕ್ಕನಿಗೆ, “ಒಂದು ಲಕ್ಷಕ್ಕೆ ಕಡಿಮೆ ಇಲ್ಲ” ಎಂದೆ. ಸಂಘಟಕರೂ ಅದನ್ನೇ ಹೇಳಿದರು. ಅವರ ಮಾತು ಕೇಳಿ ನಾನು ಹೇಳಿದೆನೋ, ನಾನೇ ಮೊದಲು ಹೇಳಿದೆನೋ, ಈಗ ಖಚಿತವಿಲ್ಲ.

ಚಿಕ್ಕಮಗಳೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ನನ್ನ ಕೆಲಸ. ವಾಟ್ಸಾಪಿನಲ್ಲಿ ಹರಿದು ಬರುವ ಚಿತ್ರಗಳನ್ನು ಅಚ್ಚಿಗೆ ಹೋಗುವ ಮೊದಲು ನಿಜವೋ ಸುಳ್ಳೋ ಎಂದು ನೋಡುವುದು. ಗೋಣಿಬೀಡಿನ ಆನೆ ಎಂದು ಬಂದದ್ದು ಬೇರೆ ರಾಜ್ಯದ ಆನೆ. ಕೊಟ್ಟಿಗೆಹಾರದ ಭೂಕುಸಿತ ಎಂದು ಬಂದದ್ದು ಎಷ್ಟೋ ವರ್ಷ ಹಳೆಯದು. ಅಂಥವನ್ನು ಹಿಡಿದಾಗ ಸಣ್ಣದೊಂದು ಸಂತೋಷವಾಗುತ್ತಿತ್ತು. ಆನೆಗಳು ತಿರುಗಿ ಬಯ್ಯುವುದಿಲ್ಲ.

ಸಮಾವೇಶದ ಅಗಲವಾದ ಚಿತ್ರ ಮರುದಿನವೇ ಎಲ್ಲರ ಫೋನಿನಲ್ಲಿತ್ತು. ಎಡತುದಿಯಲ್ಲಿ ವೇದಿಕೆ, ಅಲ್ಲಿಂದ ಬಲತುದಿಯವರೆಗೆ ಬರೀ ತಲೆ. ಕೆಳಗೆ ‘ಲಕ್ಷ ಜನ, ಲಕ್ಷ ದನಿ’. ಅದಕ್ಕೂ ಮೊದಲೇ ಹೋರಾಟದ ಸಮಿತಿ ಒಡೆದು ಎರಡಾಗಿತ್ತು. ಸಮಾವೇಶಕ್ಕೆ ಬಾರದ ಬಣದವರು ಅದೇ ಚಿತ್ರದ ಮೇಲೆ ಮೂರು ಕೆಂಪು ವೃತ್ತ ಎಳೆದು ಮತ್ತೆ ಹರಿಯಬಿಟ್ಟರು. ಮೂರು ವೃತ್ತದೊಳಗೂ ಒಬ್ಬನೇ ಮನುಷ್ಯ: ನರೆತ ಮೀಸೆ, ಖಾಕಿ ಅಂಗಿ, ಮಡಿಸಿದ ಛತ್ರಿ. ‘ಬಾಡಿಗೆಗೂ ಜನ ಸಿಗದೆ ಅಂಟಿಸಿದ್ದಾರೆ’ ಎಂದು ಬರೆದಿದ್ದರು. ನೋಡಿ ನಾನೂ ನಕ್ಕೆ. ಅದು ನೆನಪಿದೆ, ನೆನಪಿರಬಾರದಿತ್ತು ಅನ್ನಿಸುತ್ತದೆ.

ಚಿತ್ರ ತೆಗೆದವರು ಮೂಡಿಗೆರೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡ ಸಾಬರು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ, ಫ್ಲೆಕ್ಸ್. ನಮ್ಮ ಪತ್ರಿಕೆಗೂ ಆಗೊಮ್ಮೆ ಈಗೊಮ್ಮೆ ಚಿತ್ರ ಕಳಿಸುತ್ತಿದ್ದರು. ಮಾರನೆಯ ದಿನ ಬೆಳಗಿನ ಬಸ್ಸಿಗೆ ಚಿಕ್ಕಮಗಳೂರಿಗೆ ಬಂದು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತರು. ಒಳಗೆ ಬಂದವರು ಕಿಟಕಿಯಿಂದ ದೂರದ ಕುರ್ಚಿ ಹುಡುಕಿ ಕೂತರು. ಕ್ಯಾಮೆರಾ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

“ಎಂತಾಯ್ತು ಸಾಬ್ರೆ?” ಎಂದು ನಮ್ಮ ಸಂಪಾದಕರು ಕೇಳಿದರು.

“ನಾನು ಅಂಟಿಸಿಲ್ಲ ಸರ್.”

“ಅಂಟಿಸಿದ್ರಿ ಅಂತ ನಾವು ಹೇಳ್ಲಿಲ್ಲ.”

“ಅವ್ರು ಹೇಳ್ತಿದ್ದಾರೆ. ಇವ್ರೂ ಹೇಳ್ತಿದ್ದಾರೆ.”

ಅವ್ರು ಎಂದರೆ ವೃತ್ತ ಎಳೆದವರು. ಇವ್ರು ಎಂದರೆ ಚಿತ್ರ ತೆಗೆಸಿದ ಸಂಘಟಕರು. ನಗೆಪಾಟಲಾದ ಮೇಲೆ ಸಂಘಟಕರಿಗೆ ಒಬ್ಬ ತಪ್ಪುಗಾರ ಬೇಕಾಗಿತ್ತು. ತಮ್ಮ ಮರ್ಯಾದೆ ತೆಗೆಯಲೆಂದೇ ಫೋಟೋದವನು ದುಡ್ಡು ತಿಂದು ಒಬ್ಬನನ್ನೇ ಮೂರು ಕಡೆ ಅಂಟಿಸಿದ್ದಾನೆ ಎಂದು ಗುಂಪುಗಳಲ್ಲಿ ಹಾಕಿದರು. ಸಾಬರು ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಸಂಘಟಕರ ಕಡೆಯಿಂದ ಬಂದ ಒಂದು ಧ್ವನಿ ಸಂದೇಶ ಕೇಳಿಸಿದರು. ಕೂಗಾಟ ಇರಲಿಲ್ಲ. ಯಾರೋ ಊಟ ಮಾಡುತ್ತ ಮಾತಾಡಿದ ಹಾಗಿತ್ತು.

“ನಿಂಗೆ ಊರಲ್ಲಿ ಅಂಗಡಿ ಇಟ್ಕೊಂಡು ಇರ್ಬೇಕು ಅಂತಿದ್ರೆ, ಯಾರು ಹೇಳಿ ಮಾಡಿಸಿದ್ದು ಅಂತ ವಿಡಿಯೋ ಮಾಡಿ ಹಾಕು ಮಾರಾಯ. ನಾಳೆ ಒಳಗೆ. ಮೇಲ್ಗಡೆ ಮನೇಲಿ ಮಕ್ಳೂ ಇದ್ದಾರಲ್ಲ ನಿಂಗೆ.”

ಸಾಬರ ಮನೆ ಅಂಗಡಿಯ ಮಹಡಿಯಲ್ಲೇ ಇತ್ತು. ಅಂಗಡಿಯ ಬಾಗಿಲಿನ ಪಕ್ಕದ ಮೆಟ್ಟಿಲೊಂದೇ ಮನೆಗೆ ದಾರಿ.

“ಪೊಲೀಸ್ಗೆ ಕೊಟ್ರಾ?”

“ಕೊಟ್ರೆ ಆ ಅಂಗಡೀಲಿ ನಾನೇ ಕೂರ್ಬೇಕಲ್ಲ ಸರ್, ಪೊಲೀಸ್ರು ಕೂರಲ್ಲ.”

ಚಿತ್ರ ತೆಗೆದ ಬಗೆಯನ್ನು ಅವರು ಹೇಳಿದರು. ಮೈದಾನದ ಪಕ್ಕದ ಕಟ್ಟಡದ ತಾರಸಿ ಹತ್ತಿದ್ದರು. ಅಷ್ಟಗಲ ಹಿಡಿಯುವ ಲೆನ್ಸ್ ಅವರಲ್ಲಿರಲಿಲ್ಲ. ವೇದಿಕೆಯಿಂದ ಶುರುಮಾಡಿ, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗುತ್ತ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಏಳೆಂಟು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದ್ದರು. ಮದುವೆ ಮನೆಯ ಗ್ರೂಪ್ ಫೋಟೋಕ್ಕೂ ಅವರು ಹೀಗೆಯೇ ಮಾಡುವುದು. “ಧೂಳು ಎದ್ದಿತ್ತು ಮೇಡಂ. ಬಾವುಟ ಬೇರೆ ಅಡ್ಡ ಬರ್ತಿತ್ತು. ತಡೆದು ತಡೆದು ತೆಗೆದೆ.”

“ಬಿಡಿ ಬಿಡಿ ಚಿತ್ರ ಇದ್ಯಾ?” ಎಂದೆ. ಅವು ಇದ್ದರೆ ಮುಗಿಯಿತು. ಒಂದೊಂದರ ಒಳಗೂ ತೆಗೆದ ಸಮಯ ದಾಖಲಾಗಿರುತ್ತದೆ. ಒಬ್ಬ ಮನುಷ್ಯ ಒಂದು ಚಿತ್ರದಲ್ಲಿ ಇಲ್ಲಿ, ಸ್ವಲ್ಪ ಹೊತ್ತಿನ ನಂತರದ ಚಿತ್ರದಲ್ಲಿ ಅಲ್ಲಿ ಇದ್ದರೆ ಅವನು ನಡೆದ ಎಂದರ್ಥ, ಅಂಟಿಸಿದರು ಎಂದಲ್ಲ.

ಸಾಬರು ಚೀಲದ ಪಟ್ಟಿಯನ್ನು ಹಿಡಿದುಕೊಂಡರು. “ಮಾರನೇ ದಿನ ಬಣಕಲ್ಲಲ್ಲಿ ಮದುವೆ ಇತ್ತು. ಕಾರ್ಡ್ ಖಾಲಿ ಮಾಡ್ಬಿಟ್ಟೆ. ಜೋಡ್ಸಿದ್ದು ಒಂದೇ ಉಳ್ದಿರೋದು.”

ಆ ಜೋಡಿಸಿದ ಮೂಲ ಚಿತ್ರವನ್ನು ನನ್ನ ಕಂಪ್ಯೂಟರಿಗೆ ಹಾಕಿದಾಗ ಮೊದಲು ಕಣ್ಣಿಗೆ ಬಿದ್ದದ್ದು ವೃತ್ತದೊಳಗಿನ ಮೀಸೆಯವರಲ್ಲ. ಮೂಲ ಚಿತ್ರ ನಾವೆಲ್ಲ ನೋಡಿದ್ದಕ್ಕಿಂತ ಉದ್ದವಿತ್ತು. ಬಲಗಡೆ ಇನ್ನೊಂದು ದೊಡ್ಡ ಭಾಗ. ಅಲ್ಲಿ ಖಾಲಿ ಗೋಲ್ ಪೋಸ್ಟ್, ಐಸ್‌ಕ್ರೀಮ್ ಗಾಡಿ, ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತ ನಾಲ್ಕೈದು ಜನ, ಮತ್ತೆ ಕೆಂಪು ಮಣ್ಣು. ಸಂಘಟಕರು ಆ ಭಾಗವನ್ನು ಕತ್ತರಿಸಿ ಹರಿಯಬಿಟ್ಟಿದ್ದರು. ಕತ್ತರಿಸಿದ್ದಷ್ಟೇ, ಬೇರೇನೂ ಮುಟ್ಟಿರಲಿಲ್ಲ.

ನನ್ನ ಲಕ್ಷ ಅಲ್ಲಿಯೇ ಅಲುಗಾಡಿತು. ಆದರೂ ಮನಸ್ಸು ಒಪ್ಪಲಿಲ್ಲ. ಪಕ್ಕೆಲುಬಿನ ನೋವು ಇನ್ನೂ ಹೋಗಿರಲಿಲ್ಲ.

ಉಪಗ್ರಹ ನಕ್ಷೆಯಲ್ಲಿ ಮೈದಾನವನ್ನು ಅಳೆದೆ. ಉದ್ದ ಸುಮಾರು ನೂರು ಮೀಟರ್, ಅಗಲ ಅರುವತ್ತು. ಆರು ಸಾವಿರ ಚದರ ಮೀಟರ್. ಇನ್ನು ಒಂದು ಚದರ ಮೀಟರಿನಲ್ಲಿ ಎಷ್ಟು ಜನ ನಿಲ್ಲಬಹುದು ಎನ್ನುವುದು. ಓದಿ ಗೊತ್ತಿತ್ತು. ಸಂಪಾದಕರಿಗೆ ಓದಿದ್ದು ಸಾಲದು. ಸೀಮೆಸುಣ್ಣ ತರಿಸಿ, ಮೇಜು ಸರಿಸಿ, ನೆಲದ ಮೇಲೆ ಅಳತೆ ಹಿಡಿದು ಒಂದು ಚೌಕ ಬರೆಸಿದರು.

“ಬನ್ನಿ, ನಿಲ್ಲೋಣ.”

ಅವರು, ನಾನು, ಸಾಬರು, ಜಾಹೀರಾತು ನೋಡಿಕೊಳ್ಳುವವರು, ನಾಲ್ವರೂ ಚೌಕದೊಳಗೆ ನಿಂತೆವು. ಭುಜಕ್ಕೆ ಭುಜ ತಾಗಿತು. ಸಂಪಾದಕರ ಹೊಟ್ಟೆ ಗೆರೆಯಾಚೆ ಹೋಯಿತು.

“ನೀವೊಬ್ರೇ ಒಂದೂವರೆ ಆಗ್ತೀರಿ ಮಾರಾಯ್ರೆ,” ಎಂದರು ಜಾಹೀರಾತಿನವರು.

“ನೀನು ಸುಮ್ನಿರು. ಈ ಸುದ್ದಿ ಹಾಕಿದ್ ಮೇಲೆ ನಿನ್ ಜಾಹೀರಾತು ಕೊಡೋರು ಈ ಚೌಕದಲ್ಲಿ ಹಿಡಿಸ್ತಾರೆ.”

“ಇಬ್ರು ಹಿಡಿಸ್ತಾರೆ, ಕೈ ಕಾಲು ಚಾಚ್ಕೊಂಡು.”

ನಗು ಬಂತು, ಆದರೆ ಸಾಬರು ಚೌಕದೊಳಗೂ ಕ್ಯಾಮೆರಾ ಚೀಲವನ್ನು ಎದೆಗೆ ಒತ್ತಿಕೊಂಡೇ ಇದ್ದರು. ನಾಲ್ವರು ನಿಂತರೆ ಹತ್ತಿರ ಹತ್ತಿರ, ಆದರೂ ತಡೆಯಬಹುದು. ಐದನೆಯವರನ್ನು, ಆರನೆಯವರನ್ನು ತುರುಕಿದರೆ ಕೈ ಎತ್ತಲಾಗದು. ಬಿದಿರಿನ ಹತ್ತಿರ ನಾನು ನಿಂತದ್ದು ಅಂಥ ಕಡೆ. ಅಲ್ಲಿ ಮಾತ್ರ ಹಾಗಿತ್ತು.

ಲೆಕ್ಕ ಕಷ್ಟದ್ದಲ್ಲ. ಇಡೀ ಮೈದಾನ ನಾಲ್ವರಂತೆ ತುಂಬಿದರೂ ಇಪ್ಪತ್ತನಾಲ್ಕು ಸಾವಿರ. ಲಕ್ಷ ಹಿಡಿಯಬೇಕಾದರೆ ಪ್ರತಿ ಚೌಕದಲ್ಲೂ ಹದಿನಾರು ಹದಿನೇಳು ಜನ ಒಬ್ಬರ ಮೇಲೊಬ್ಬರು ನಿಲ್ಲಬೇಕು. ಆಮೇಲೆ ಮೂಲ ಚಿತ್ರವನ್ನು ಮುಂದೆ, ನಡು, ಹಿಂದೆ ಎಂದು ಭಾಗ ಮಾಡಿ, ಒಂದೊಂದರಲ್ಲೂ ಒಂದೊಂದು ತುಂಡು ಆರಿಸಿ ತಲೆ ಎಣಿಸಿದೆ. ಮುಂದಿನ ಭಾಗ ನಾಲ್ಕರ ಲೆಕ್ಕ. ನಡುವೆ ಎರಡು. ಹಿಂದೆ ಹೆಚ್ಚಿನ ಕಡೆ ಮಣ್ಣು. ತಾರಸಿಯಿಂದ ಓರೆಯಾಗಿ ನೋಡಿದಾಗ ಹಿಂದಿನ ತಲೆ ಮುಂದಿನ ತಲೆಗೆ ಅಂಟಿಕೊಂಡು ನಡುವಿನ ಜಾಗ ಮುಚ್ಚಿಹೋಗುತ್ತದೆ. ಆದ್ದರಿಂದ ನನ್ನ ಎಣಿಕೆ ಹೆಚ್ಚಿನ ಕಡೆಗೇ ವಾಲಿರಬೇಕು. ಆದರೂ ಹತ್ತರಿಂದ ಹದಿಮೂರು ಸಾವಿರದ ಒಳಗೆ ಬಂತು. ಜೋಡಿಸಿದ ಚಿತ್ರವಾದ್ದರಿಂದ ನೇರವಾದ ವೇದಿಕೆಯ ಅಂಚು ದೋಣಿಯಂತೆ ಬಾಗಿ, ಮೈದಾನ ದಿಗಂತದವರೆಗೆ ಹಿಗ್ಗಿದ ಹಾಗೆ ಕಾಣುತ್ತಿತ್ತು. ಕಣ್ಣು ಅದಕ್ಕೆ ಮೋಸ ಹೋಗಿತ್ತು. ನನಗೆ ಮೋಸ ಮಾಡಿದ್ದು ಕಣ್ಣಲ್ಲ, ಪಕ್ಕೆಲುಬು.

ಆಮೇಲೆ ಮೇಸ್ತ್ರಿ. ಅವರು ಮೇಸ್ತ್ರಿ ಎಂದು ಆಗ ಗೊತ್ತಿರಲಿಲ್ಲ, ಮೀಸೆಯವರು ಅಷ್ಟೇ. ಮೂರನ್ನೂ ಹಿಗ್ಗಿಸಿ ಅಕ್ಕಪಕ್ಕ ಇಟ್ಟೆ. ಅಂಟಿಸಿದ್ದಾದರೆ ಮೂರೂ ಒಂದೇ ಅಚ್ಚು ಇರಬೇಕು. ಇವು ಹಾಗಿರಲಿಲ್ಲ. ಮೊದಲನೆಯದರಲ್ಲಿ ಬಾಯಿ ತೆರೆದಿತ್ತು, ಬಲಗೈ ಬೆರಳು ಮುಂದಿತ್ತು. ಎರಡನೆಯದರಲ್ಲಿ ಮುಖ ಸ್ವಲ್ಪ ಆಚೆ ತಿರುಗಿತ್ತು, ಛತ್ರಿ ಎಡಗೈಗೆ ಬಂದಿತ್ತು. ಮೂರನೆಯದರಲ್ಲಿ ಛತ್ರಿಯನ್ನೇ ಎತ್ತಿ ಯಾರನ್ನೋ ತೋರಿಸುತ್ತಿದ್ದರು. ಸುತ್ತಲಿನವರಲ್ಲಿ ಒಬ್ಬರೂ ಮರುಕಳಿಸಿರಲಿಲ್ಲ. ಒಂದೊಂದು ಮೀಸೆಯ ನಡುವೆಯೂ ಜೋಡಣೆಯ ಗೆರೆ ಹಾದುಹೋಗಿತ್ತು. ಒಂದು ಕಡೆ ಬಾವುಟದ ಕೋಲು ಮುರಿದು ಪಕ್ಕಕ್ಕೆ ಸರಿದಿತ್ತು. ಇನ್ನೊಂದು ಕಡೆ ಒಬ್ಬ ಹೆಂಗಸಿಗೆ ತಲೆ ಇತ್ತು, ಭುಜ ಇರಲಿಲ್ಲ. ಎಂದರೆ ಮೂರು ಮೀಸೆಯೂ ಮೂರು ಬೇರೆ ಬೇರೆ ಚಿತ್ರದಿಂದ ಬಂದದ್ದು. ಸಾಬರು ಎಡದಿಂದ ಬಲಕ್ಕೆ ತಿರುಗಿದ ಹಾಗೆ ಈ ಮನುಷ್ಯ ಎಡದಿಂದ ಬಲಕ್ಕೆ ನಡೆದಿದ್ದಾರೆ.

“ಆದ್ರೆ ಯಾಕೆ ನಡೆದ್ರು?” ಎಂದು ಸಂಪಾದಕರು ಕೇಳಿದರು. “ಜನ ಕೇಳೋದು ಅದನ್ನೇ. ಭಾಷಣ ನಡೀವಾಗ ಒಬ್ಬ ಮೈದಾನದ ಈ ತುದಿಯಿಂದ ಆ ತುದಿಗೆ ಯಾಕೆ ಹೋಗ್ತಾನೆ?”

ಸಾಬರು ಚಿತ್ರಕ್ಕೆ ಮುಖ ಹತ್ತಿರ ತಂದು ನೋಡಿದರು. “ಇವ್ರು ಕಳಸದ ರಸ್ತೆಯ ಕಾಫಿ ಎಸ್ಟೇಟಿನ ಮೇಸ್ತ್ರಿ, ಆಳು ನೋಡ್ಕೊಳ್ಳೋರು. ಇವ್ರ ಮಗಳ ಮದುವೆಗೆ ನಾನೇ ಹೋಗಿದ್ದು.”

ಕಚೇರಿಯ ಕಾರಿನಲ್ಲಿ ನಾವಿಬ್ಬರೂ ಹೊರಟೆವು. ಮೂಡಿಗೆರೆ ದಾಟುವಾಗ ಸಾಬರು ಸೀಟಿನಲ್ಲಿ ಕೆಳಗೆ ಜಾರಿ ಕೂತರು. ಅವರ ಅಂಗಡಿಯ ಮುಂದೆ ಎರಡು ಬೈಕು ನಿಂತಿದ್ದವು, ಶಟರ್ ಮುಚ್ಚಿತ್ತು. ಬೈಕಿನವರು ಏನೂ ಮಾಡುತ್ತಿರಲಿಲ್ಲ. ಒಬ್ಬ ಕಿತ್ತಳೆ ಸುಲಿಯುತ್ತಿದ್ದ. ಸಾಬರು ಹೆಂಡತಿಗೆ ಫೋನ್ ಮಾಡಿ, ಮಕ್ಕಳನ್ನು ಶಾಲೆಯಿಂದ ಸೀದಾ ಅಜ್ಜಿಯ ಮನೆಗೆ ಕರೆದುಕೊಂಡು ಹೋಗಲು ಹೇಳಿದರು. “ಎಂತ ಇಲ್ಲ, ಸುಮ್ನೆ” ಎಂದು ಎರಡು ಮೂರು ಸಲ ಹೇಳಿದರು. ಅದನ್ನು ಕೇಳಿದ ಮೇಲೆ ನನಗೂ ಹಿಂದಿನ ಗಾಜಿನಲ್ಲಿ ನೋಡುವ ಅಭ್ಯಾಸವಾಯಿತು. ಒಂದು ಬಿಳಿ ಜೀಪು ತುಂಬ ಹೊತ್ತು ಹಿಂದೆಯೇ ಬಂತು. ಆಮೇಲೆ ಒಂದು ತೋಟದ ಗೇಟಿಗೆ ತಿರುಗಿತು.

ಮೇಸ್ತ್ರಿ ಕಣದ ಹತ್ತಿರ ಸಿಕ್ಕರು. ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಆ ವರ್ಷದ ಕೊನೆಯ ಪಾರ್ಚ್‌ಮೆಂಟ್, ಒಣಗುತ್ತಿತ್ತು. ಮೂರು ನಾಲ್ಕು ಹೆಂಗಸರು ಅದನ್ನು ಕೆದರುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ ಅವರಿಗೆ ಯಾತಕ್ಕೆ ಬಂದೆವೆಂದು ಗೊತ್ತಾಯಿತು. ಕಣದ ಹೆಂಗಸರಿಗೂ ಗೊತ್ತಾಯಿತು.

“ಮೂರೂ ಮೇಸ್ತ್ರಿ ಇಲ್ಲೇ ಇದ್ದಾರೆ, ಯಾರು ಬೇಕು ನಿಮ್ಗೆ?” ಎಂದು ಒಬ್ಬಾಕೆ ಕೂಗಿದಳು.

“ಮೂರು ಹಾಜ್ರಿ ಹಾಕ್ಕೊಳ್ಳಿ ಮೇಸ್ತ್ರಿ, ನಮ್ಗೆ ಒಂದೂ ಸರಿ ಹಾಕಲ್ಲ,” ಎಂದಳು ಇನ್ನೊಬ್ಬಳು.

ಮೇಸ್ತ್ರಿ ನಗಲಿಲ್ಲ. ನಮ್ಮನ್ನು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. “ನಿಮ್ಮನ್ನ ಯಾರು ಕಳ್ಸಿದ್ದು? ನಮ್ ಸಾವ್ಕಾರ್ರಿಗೆ ಗೊತ್ತಾ ನೀವು ಬಂದಿದ್ದು?”

ಯಾರೂ ಕಳಿಸಿಲ್ಲ ಎಂದು ನಂಬಿಸುವುದಕ್ಕೆ ಹೊತ್ತು ಹಿಡಿಯಿತು. ಅವರ ಹೆದರಿಕೆ ಬೇರೆಯೇ ಇತ್ತು. ಅವರ ಸಾವ್ಕಾರ್ರು, ಎಂದರೆ ಎಸ್ಟೇಟಿನ ಮಾಲೀಕರು, ವೃತ್ತ ಎಳೆದ ಬಣಕ್ಕೆ ಸೇರಿದವರು. ಆಳುಗಳು ವಾಸವಿರುವ ಲೈನು ಮನೆಗಳ ಜಾಗಕ್ಕೂ ನೋಟಿಸು ಬಂದಿದ್ದರಿಂದ ಆಳುಗಳೇ ಹೋಗೋಣ ಎಂದಿದ್ದರು. ಮೇಸ್ತ್ರಿ ಬಾಡಿಗೆಯ ಪಿಕಪ್ಪಿನಲ್ಲಿ ಕರೆದುಕೊಂಡು ಹೋಗಿದ್ದರು. ಸಾವ್ಕಾರ್ರಿಗೆ ಅದು ಗೊತ್ತಾದದ್ದು ಮೂರು ಕೆಂಪು ವೃತ್ತದಿಂದ.

“ಒಂದ್ಸಲ ಹೋದ್ರೆ ಒಂದ್ಸಲ ಬಯ್ತಿದ್ರು. ಈಗ ಮೂರು ಸಲ ಹೋದಂಗೆ ಬಯ್ದ್ರು,” ಎಂದರು. ಅದು ತಮಾಷೆ ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಅವರಿಗೂ ಹೊಳೆದಿರಲಿಕ್ಕಿಲ್ಲ.

“ನೀವು ಮೈದಾನದಲ್ಲಿ ಯಾಕೆ ನಡೀತಿದ್ರಿ?” ಎಂದು ಕೇಳಿದೆ.

“ನಡೀದೆ? ಆಳು ಎಣಿಸ್ಬೇಕಲ್ಲ.”

ಮೇಸ್ತ್ರಿಗಳು ಹಾಗೆಯೇ. ಬೆಳಿಗ್ಗೆ ತೋಟಕ್ಕೆ ಇಳಿಸುವಾಗ ಎಣಿಸುತ್ತಾರೆ, ಸಂಜೆ ಹತ್ತಿಸುವಾಗ ಎಣಿಸುತ್ತಾರೆ. ಸಂತೆಗೆ ಹೋದರೂ ಎಣಿಸುತ್ತಾರೆ. ಹಿಂದೆ ಒಂದು ಸಭೆಗೆ ಹೋದಾಗ ಒಬ್ಬ ಅಜ್ಜಿ ತಪ್ಪಿಹೋಗಿ, ಕತ್ತಲಾಗುವವರೆಗೆ ಊರೆಲ್ಲ ಹುಡುಕಿದ್ದರಂತೆ. ಅಂದಿನಿಂದ ಭಾಷಣ ಮುಗಿಯುವ ಮೊದಲೇ, ಜನ ಎದ್ದು ಕಲಸಿಹೋಗುವ ಮೊದಲೇ, ಒಂದು ಸುತ್ತು ಎಣಿಸುವುದು ಅವರ ಪದ್ಧತಿ. ಆ ದಿನ ಅವರ ಆಳುಗಳು ಮೂರು ಗುಂಪಾಗಿದ್ದರು: ಕೆಲವರು ಮುಂದೆ, ಕೆಲವರು ನಡುವೆ, ಉಳಿದವರು ಹಿಂದಿನ ಸಾಲುಗಳಲ್ಲಿ, ಐಸ್‌ಕ್ರೀಮ್ ಗಾಡಿಗಿಂತ ಸ್ವಲ್ಪ ಈಚೆ. ಒಂದು ಗುಂಪಿನ ಮುಂದೆ ನಿಂತು ಎಣಿಸಿ, ನಡೆದು, ಇನ್ನೊಂದರ ಮುಂದೆ ನಿಂತು ಎಣಿಸಿದ್ದರು. ತಾರಸಿಯ ಮೇಲೆ ಸಾಬರು ಅದೇ ಹೊತ್ತಿಗೆ, ಅದೇ ದಿಕ್ಕಿಗೆ, ಅದೇ ನಿಧಾನದಲ್ಲಿ ತಿರುಗಿದ್ದರು. ಇಡೀ ಮೈದಾನದಲ್ಲಿ ನಿಜವಾಗಿ ಜನ ಎಣಿಸುತ್ತಿದ್ದವರು ಅವರೊಬ್ಬರೇ. ಜನ ಹೆಚ್ಚು ತೋರಿಸಿದ್ದಾರೆ ಎಂಬುದಕ್ಕೆ ಸಾಕ್ಷಿಯಾದವರೂ ಅವರೇ.

“ಇದನ್ನೇ ಹೇಳಿ ಮೇಸ್ತ್ರಿ, ಮೇಡಂ ಬರೀತಾರೆ,” ಎಂದರು ಸಾಬರು. ಅವರ ದನಿಯಲ್ಲಿ ಮೊದಲ ಸಲ ಸ್ವಲ್ಪ ಜೀವ ಬಂದಿತ್ತು.

ಮೇಸ್ತ್ರಿ ಕೈ ಮುಗಿದರು. “ಬೇಡಮ್ಮ. ನನ್ ಹೆಸ್ರು ಬೇಡ, ಊರು ಬೇಡ, ಆಳು ಕರ್ಕೊಂಡು ಹೋಗಿದ್ದೂ ಬೇಡ. ಎಸ್ಟೇಟಿಂದ ಹೊರಗೆ ಹಾಕಿದ್ರೆ ಮನೇನೂ ಬಿಡ್ಬೇಕು. ಸಾಬ್ರೆ, ನಿಮ್ಮ ದಮ್ಮಯ್ಯ, ಆ ಫೋಟೋದಿಂದ ಮೂರನ್ನೂ ತೆಗ್ದು ಹಾಕಿ.”

ವಾಪಸು ಬರುವಾಗ, ಮೂಡಿಗೆರೆ ಹತ್ತಿರ, ಸಾಬರು ಹೇಳಿದರು, “ಮೇಡಂ, ಅಂಟಿಸಿಲ್ಲ ಅಂತ ಮಾತ್ರ ಹಾಕಿ. ಎಷ್ಟ್ ಜನ ಅನ್ನೋದು ಬೇಡ.”

“ಯಾಕೆ?”

“ಖಾಲಿ ಜಾಗ ತೋರಿಸಿದ್ರೆ ಅದು ನನ್ ಹತ್ರದಿಂದ ಹೋಗಿದ್ದು ಅಂತ ಗೊತ್ತಾಗುತ್ತೆ. ತೆಗೆಸಿದವ್ರನ್ನ ಬಿಟ್ರೆ ಆ ಉದ್ದದ ಚಿತ್ರ ಇರೋದು ನನ್ ಹತ್ರ ಒಂದೇ. ಆಗ ಶಟರ್ ಅಲ್ಲ, ಮನೆಯೇ ಉಳಿಯಲ್ಲ.”

ಅವರನ್ನು ಉಳಿಸಬೇಕಾದರೆ ಅರ್ಧ ನಿಜ ಸಾಕಿತ್ತು. ಇಡೀ ನಿಜ ಬರೆದರೆ ಅವರೇ ಸಿಕ್ಕಿಬೀಳುತ್ತಿದ್ದರು. ಕಲಿತದ್ದೆಲ್ಲ ಅರ್ಧ ನಿಜದ ವಿರುದ್ಧ ಇತ್ತು. ಆದರೆ ಕಲಿಸಿದವರ ಮನೆಯ ಮೆಟ್ಟಿಲ ಬುಡದಲ್ಲಿ ಕಿತ್ತಳೆ ಸುಲಿಯುವವರು ನಿಂತಿರಲಿಲ್ಲ. ಅಥವಾ ಇದು ನಾನು ಆಮೇಲೆ ಕಟ್ಟಿಕೊಂಡ ಸಮಾಧಾನ.

ಸಂಪಾದಕರು, ನಾನು ಕೂತು ಬರೆದೆವು. ಮೂರು ಮುಖಗಳನ್ನೂ ಮಸುಕು ಮಾಡಿದೆವು. ಕೈ ಬೇರೆ, ಛತ್ರಿ ಬೇರೆ, ನಡುವೆ ಜೋಡಣೆಯ ಗೆರೆ. ಆದ್ದರಿಂದ ಇದು ನಡೆದ ಮನುಷ್ಯ, ಅಂಟಿಸಿದ್ದಲ್ಲ. ಆ ಮನುಷ್ಯ ಯಾರು, ಯಾಕೆ ನಡೆದರು ಎಂದು ಬರೆಯಲಿಲ್ಲ. ಜನರ ಲೆಕ್ಕಕ್ಕೆ ಮೂಲ ಚಿತ್ರವನ್ನು ಮುಟ್ಟಲಿಲ್ಲ. ಮೈದಾನದ ಅಳತೆಯನ್ನು ಯಾರು ಬೇಕಾದರೂ ನಕ್ಷೆಯಲ್ಲಿ ನೋಡಬಹುದು. ಅದು ತುಂಬಿ ತುಳುಕಿದರೂ ಇಪ್ಪತ್ತೈದು ಸಾವಿರ ದಾಟುವುದು ಕಷ್ಟ ಎಂದು ಬರೆದು, ಸೀಮೆಸುಣ್ಣದ ಚೌಕದಲ್ಲಿ ನಿಂತ ನಮ್ಮ ಕಾಲುಗಳ ಚಿತ್ರ ಹಾಕಿದೆವು. ಹತ್ತರಿಂದ ಹದಿಮೂರು ಸಾವಿರ ಎನ್ನುವುದು ನಮ್ಮೊಳಗೇ ಉಳಿಯಿತು.

ಸುದ್ದಿ ಬಂದ ದಿನ ಕಚೇರಿಯ ಫೋನು ಬಿಡದೆ ಬಡಿದುಕೊಂಡಿತು. ಒಬ್ಬರು ನನ್ನ ಅಕ್ಕನ ತೋಟ ಎಲ್ಲಿದೆ ಎಂದು ನನಗೇ ವಿವರಿಸಿದರು. “ಅಲ್ಲಿ ಗೇಟಿನ ಹತ್ರ ಹಲಸಿನ ಮರ ಇದೆ ಅಲ್ವಾ ಮೇಡಂ” ಎಂದು, ನೆಂಟರಂತೆ. ಹೌದು, ಇದೆ. ಅಕ್ಕನಿಗೆ ಹೇಳಲಿಲ್ಲ. ಅವಳು ಸುದ್ದಿ ಓದಿ ನನ್ನ ಕಡೆ ನೋಡಿ, “ಲಕ್ಷ ಅಂದಿದ್ದೆಯಲ್ಲೇ ನೀನು” ಎಂದಳಷ್ಟೆ.

ಮಧ್ಯಾಹ್ನದ ಮೇಲೆ ಸಾಬರ ಫೋನು ಬಂತು.

“ಬಂದಿದ್ದಾರೆ ಮೇಡಂ. ಫೋಟೋ ತೆಗೆಸಿದ ಕಡೆಯವ್ರು, ನಾಲ್ಕು ಜನ.”

“ಎಂತ ಮಾಡಿದ್ರು?”

“ಎಂತ ಮಾಡ್ಲಿಲ್ಲ. ಟೀ ತರ್ಸಿದ್ರು. ತಪ್ಪಾಯ್ತು, ನೀವು ಅಂಟಿಸಿಲ್ಲ ಅಂತ ಪೇಪರಲ್ಲೇ ಬಂದಿದೆ ಅಂದ್ರು. ಬಸ್ ಸ್ಟ್ಯಾಂಡ್ ಹತ್ರ ದೊಡ್ಡ ಫ್ಲೆಕ್ಸ್ ಹಾಕ್ಬೇಕಂತೆ. ಅದೇ ಚಿತ್ರ.” ಅವರು ತಡೆದರು. “ಆ ಮೂರು ಜನದಲ್ಲಿ ಇಬ್ರನ್ನ ತೆಗ್ದು ಕೊಡು ಅಂತಿದ್ದಾರೆ. ಖಾಲಿ ಆದ ಜಾಗಕ್ಕೆ ಅಕ್ಕಪಕ್ಕದವ್ರನ್ನ ತುಂಬ್ಸು ಅಂತ. ಇಲ್ಲೇ ಕೂತಿದ್ದಾರೆ, ಹೊರಗಡೆ ಬೆಂಚಲ್ಲಿ. ಆದ್ಮೇಲೇ ಹೋಗೋದಂತೆ.”

ನಾನು ಏನು ಹೇಳಿದೆ? ಮಾಡಬೇಡಿ ಎಂದು ಹೇಳಿದ್ದರೆ ಚೆನ್ನಾಗಿತ್ತು. ಮಾಡಿ ಎಂದೂ ಹೇಳಿಲ್ಲ ಅಂದುಕೊಂಡಿದ್ದೇನೆ. ಸುಮ್ಮನಿದ್ದೆ ಎಂದು ನೆನಪು. ಆ ಕಡೆಯಿಂದ ಬೆಂಚು ಎಳೆದ ಸದ್ದು, ಯಾರದೋ ಕೆಮ್ಮು ಕೇಳಿಸುತ್ತಿತ್ತು.

“ಮೂರರಲ್ಲಿ ಯಾರನ್ನ ಉಳಿಸ್ಲಿ ಮೇಡಂ?” ಎಂದು ಅವರು ಮೆಲ್ಲಗೆ ಕೇಳಿದರು. ಉತ್ತರಕ್ಕೆ ಕಾಯದೆ ಫೋನಿಟ್ಟರು.

ಕೆಲವು ದಿನಗಳಾದ ಮೇಲೆ ಮೂಡಿಗೆರೆಯಲ್ಲಿ ಬಸ್ಸಿಗೆ ಕಾಯುವಾಗ ಆ ಫ್ಲೆಕ್ಸ್ ನೋಡಿದೆ. ಎರಡು ಅಂಗಡಿಯಷ್ಟು ಉದ್ದವಿತ್ತು. ‘ಲಕ್ಷ’ ಎನ್ನುವ ಮಾತು ಹೋಗಿ ‘ಜನಸಾಗರ’ ಎಂದಾಗಿತ್ತು. ಮೀಸೆಯವರನ್ನು ಹುಡುಕಿದೆ. ಒಬ್ಬರೂ ಇರಲಿಲ್ಲ. ಸಾಬರು ಮೂವರನ್ನೂ ತೆಗೆದಿದ್ದರು. ಮೇಸ್ತ್ರಿ ಮುಗಿದ ಕೈ ಅವರಿಗೆ ಮರೆತಿರಲಿಲ್ಲ. ಮೇಸ್ತ್ರಿ ನಿಂತಿದ್ದ ನಡುವಿನ ಜಾಗದಲ್ಲಿ ನೀಲಿ ಛತ್ರಿಯ ಒಬ್ಬ ಹೆಂಗಸು ಇದ್ದಳು. ಅವಳ ಪಕ್ಕದಲ್ಲಿ ಮತ್ತೆ ಅವಳೇ ಇದ್ದಳು. ಅದೇ ಛತ್ರಿ, ಅದೇ ಓರೆ, ಕೆನ್ನೆಯ ಮೇಲೆ ಅದೇ ಬಿಸಿಲು. ಈ ಸಲ ಒಂದೇ ಅಚ್ಚು.

ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬರು ಜೊತೆಯವರಿಗೆ ಹೇಳುತ್ತಿದ್ದರು, “ಎಷ್ಟ್ ಜನ ಸೇರಿದ್ರು ಮಾರಾಯ. ನಾನೂ ಹೋಗಿದ್ದೆ. ಉಸಿರಾಡೋಕೆ ಜಾಗ ಇರ್ಲಿಲ್ಲ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ರಸ್ತೆಯಾಚೆ ಸ್ಟುಡಿಯೋದ ಶಟರ್ ಪೂರ್ತಿ ಮೇಲಿತ್ತು. ಒಳಗೆ ಯಾರೋ ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ತಲೆ ಎತ್ತು, ಇನ್ನೂ ಸ್ವಲ್ಪ ಎತ್ತು ಎನ್ನುತ್ತಿದ್ದರು. ಮಹಡಿಯ ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು.

ಫ್ಲೆಕ್ಸಿನ ಆ ಎರಡು ನೀಲಿ ಛತ್ರಿಗಳನ್ನು ನಾನು ಫೋನಿನಲ್ಲಿ ಚಿತ್ರ ತೆಗೆಯಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಒಬ್ಬ ಹುಡುಗಿ ತಲೆ ಎತ್ತಿ ಅದನ್ನೇ ನೋಡುತ್ತಿದ್ದಳು, ಆ ಕೊನೆಯಿಂದ ಈ ಕೊನೆಯವರೆಗೆ, ನಿಧಾನವಾಗಿ. ಅವಳ ನೋಟ ಛತ್ರಿಯ ಹತ್ತಿರ ಬಂದು ನಿಲ್ಲುತ್ತದೋ ಏನೋ ಎಂದು, ಬಸ್ಸು ಬರುವವರೆಗೆ ನಾನು ಅವಳನ್ನೇ ನೋಡುತ್ತ ನಿಂತಿದ್ದೆ.